ಚನ್ನಪಟ್ಟಣದ ಗಿಲಕಿಗೊಂದು ಫೋಟೊ ಸೂಚನಾ ಹಾಳೆ

ಚನ್ನಪಟ್ಟಣದ ಮರದ ಆಟಿಕೆಯ ಅಂದವೆಲ್ಲ ಅದರ ಅರಗಿನ ಹೊಳಪಿನಲ್ಲಿದೆ. ಫೋಟೊ ತೆಗೆಯುವವರನ್ನು ಕಾಡುವುದೂ ಅದೇ ಹೊಳಪು. ಲೇತ್‌ನಲ್ಲಿ ತಿರುಗುತ್ತಿರುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಳಿಕ ಒಣ ತಾಳೆಗರಿಯಿಂದ ತೀಡಿದರೆ ಮೈಯೆಲ್ಲ ಕನ್ನಡಿಯಂತಾಗುತ್ತದೆ. ಆ ದುಂಡನೆಯ ಕನ್ನಡಿಯಲ್ಲಿ ಕಿಟಕಿ, ಟ್ಯೂಬ್‌ಲೈಟ್, ಫೋಟೊ ತೆಗೆಯುವವರ ಅಂಗಿ ಎಲ್ಲವೂ ಮೂಡುತ್ತವೆ. ಆನ್‌ಲೈನ್ ಮಾರಾಟಕ್ಕೆಂದು ಇಂತಹ ವಸ್ತುವಿನ ಚಿತ್ರ ತೆಗೆಯುವ ಮುನ್ನ, ತೆಗೆಯುವವರು ಬೇರೆಯವರಾಗಲಿ ನಾವೇ ಆಗಲಿ, ಏನು ಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಹನ್ನೆರಡು ಸೆಂಟಿಮೀಟರ್ ಉದ್ದದ, ಹಳದಿ ತಲೆಯ, ಹಿಡಿಯಲ್ಲಿ ಎರಡು ಕೆಂಪು ಬಳೆಗಳಿರುವ ಗಿಲಕಿಯೊಂದನ್ನು ಮುಂದಿಟ್ಟುಕೊಂಡು ಆ ಹಾಳೆಯನ್ನು ಇಲ್ಲಿ ಬರೆಯೋಣ.

ಹಿನ್ನೆಲೆ

ಮೊದಲ ಸಾಲು ಮುಖ್ಯ ಚಿತ್ರದ್ದು. ಅಮೆಜಾನ್‌ನಲ್ಲಿ ಮುಖ್ಯ ಚಿತ್ರದ ಹಿನ್ನೆಲೆ ಅಚ್ಚ ಬಿಳಿಯಾಗಿರಬೇಕು, ಅಂದರೆ ಕೆಂಪು, ಹಸಿರು, ನೀಲಿ ಮೂರರ ಮೌಲ್ಯವೂ 255 ಆಗಿರಬೇಕು. ವಸ್ತುವು ಚೌಕಟ್ಟಿನ ಶೇ 85ರಷ್ಟನ್ನು ತುಂಬಬೇಕು. ಅಕ್ಷರ, ಲಾಂಛನ, ಅಲಂಕಾರದ ವಸ್ತುಗಳಾವುವೂ ಇರಬಾರದು. ಕೊಳ್ಳುವವರು ಹಿಗ್ಗಿಸಿ ನೋಡಲು ಸಾಧ್ಯವಾಗಬೇಕಾದರೆ ಚಿತ್ರದ ಉದ್ದನೆಯ ಬದಿ ಕನಿಷ್ಠ 1000 ಪಿಕ್ಸೆಲ್ ಇರಬೇಕು. ಬೇರೆ ತಾಣಗಳ ನಿಯಮಗಳನ್ನು ಅವುಗಳ ಮಾರಾಟಗಾರರ ಪುಟದಲ್ಲಿಯೇ ನೋಡಿಕೊಂಡು ಬರೆದುಕೊಳ್ಳಬೇಕು.

ಇದಕ್ಕೆ ಸ್ಟುಡಿಯೊ ಬೇಕಿಲ್ಲ. ದೊಡ್ಡದೊಂದು ಬಿಳಿ ಡ್ರಾಯಿಂಗ್ ಹಾಳೆಯ ಮೇಲ್ತುದಿಯನ್ನು ಗೋಡೆಗೆ ಅಂಟಿಸಿ, ಕೆಳತುದಿಯನ್ನು ಮೇಜಿನ ಮೇಲೆ ಚಾಚಿ, ನಡುವೆ ಮಡಿಕೆ ಬೀಳದಂತೆ ಜೋಲು ಬಿಟ್ಟರೆ ಗೋಡೆಗೂ ಮೇಜಿಗೂ ನಡುವಿನ ಗೆರೆ ಕಾಣುವುದಿಲ್ಲ. ಗಿಲಕಿಯನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಿಟ್ಟರೆ ಅದರ ನೆರಳು ಹಿಂಬದಿಯ ಕಾಗದದ ಮೇಲೆ ಬೀಳದು.

ಹಾಳೆ ಎಷ್ಟೇ ಬೆಳ್ಳಗಿದ್ದರೂ ಮೊದಲ ಚಿತ್ರದಲ್ಲಿ ಅದು ಬೂದು ಬಣ್ಣಕ್ಕೆ ಬರುತ್ತದೆ. ಕ್ಯಾಮೆರಾವು ಎದುರಿನ ದೃಶ್ಯವನ್ನು ನಡುಬೂದಿನ ಮಟ್ಟಕ್ಕೆ ತರಲು ಲೆಕ್ಕ ಹಾಕುವುದರಿಂದ ಹೀಗಾಗುತ್ತದೆ. ಮೊಬೈಲ್‌ನಲ್ಲಿ ಗಿಲಕಿಯ ಮೇಲೆ ಬೆರಳನ್ನು ಒತ್ತಿಹಿಡಿದು ಫೋಕಸ್ಸನ್ನು ಸ್ಥಿರಗೊಳಿಸಿ, ಬೆಳಕಿನ ಗುರುತನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಸರಿಸಬೇಕು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಗಿಲಕಿಯ ಅಂಚೇ ಹೇಳುತ್ತದೆ: ಹಳದಿ ತಲೆಯ ಅಂಚು ಬಿಳಿಯಲ್ಲಿ ಕರಗತೊಡಗಿದರೆ ಬೆಳಕು ಹೆಚ್ಚಾಗಿದೆ ಎಂದೇ ಅರ್ಥ. ಅದಕ್ಕಿಂತ ತುಸು ಕೆಳಗೆ ನಿಂತು, ಹಿನ್ನೆಲೆಯಲ್ಲಿ ಉಳಿದ ಬೂದನ್ನು ಎಡಿಟಿಂಗ್‌ನಲ್ಲಿ ತೆಗೆಯುವುದೇ ಸರಿ. ಒಮ್ಮೆ ಕರಗಿಹೋದ ಅಂಚನ್ನು ಯಾವ ಎಡಿಟಿಂಗೂ ಇದ್ದಂತೆಯೇ ಮರಳಿ ತಂದುಕೊಡದು.

ಬೆಳಕು

ಸೂಚನಾ ಹಾಳೆಯಲ್ಲಿ ಅತಿ ಹೆಚ್ಚು ಜಾಗ ಬೆಳಕಿಗೇ ಸಲ್ಲಬೇಕು. ನೇರ ಬಿಸಿಲು ಬೀಳದ ಕಿಟಕಿಯನ್ನು, ಸಾಧ್ಯವಾದರೆ ಉತ್ತರದ ಕಿಟಕಿಯನ್ನು, ಆರಿಸಿಕೊಳ್ಳಬೇಕು. ಅದಕ್ಕೆ ತೆಳುವಾದ ಬಿಳಿ ಬಟ್ಟೆಯನ್ನೋ ಟ್ರೇಸಿಂಗ್ ಹಾಳೆಯನ್ನೋ ಕಟ್ಟಿ, ಬೆಳಕು ಗಿಲಕಿಯ ಎಡಗಡೆಯಿಂದ ಬರುವಂತೆ ಮೇಜನ್ನು ಹೊಂದಿಸಬೇಕು. ಬಲಗಡೆ ಒಂದು ಅಡಿ ದೂರದಲ್ಲಿ ಥರ್ಮೊಕೋಲ್ ಹಲಗೆಯೊಂದನ್ನು ನಿಲ್ಲಿಸಿದರೆ ಅದು ಬೆಳಕನ್ನು ಹಿಂದಿರುಗಿಸಿ ನೆರಳಿನ ಬದಿಯ ಕಪ್ಪನ್ನು ತಿಳಿಯಾಗಿಸುತ್ತದೆ.

ಹೊಳಪನ್ನು ಪೂರ್ತಿ ಅಳಿಸಲು ಹೊರಡುವುದು ತಪ್ಪು. ಹೊಳಪೇ ಇಲ್ಲದ ಅರಗಿನ ಗಿಲಕಿ ಚಿತ್ರದಲ್ಲಿ ಪೇಂಟ್ ಬಳಿದ ಮರದಂತೆ ಕಾಣುತ್ತದೆ, ಕುಶಲಕರ್ಮಿಯ ಕೈಕೆಲಸ ಅಲ್ಲಿಗೆ ಮರೆಯಾಗುತ್ತದೆ. ನಮಗೆ ಬೇಕಾದದ್ದು ತಲೆಯ ಎಡಭಾಗದಲ್ಲಿ ಮೇಲಿಂದ ಕೆಳಕ್ಕೆ ಇಳಿಯುವ, ಅಂಚು ಮೆತ್ತಗಿರುವ ಒಂದೇ ಬೆಳಕಿನ ಪಟ್ಟಿ. ಆ ಪಟ್ಟಿ ನಿಜಕ್ಕೂ ಕಿಟಕಿಯ ಪ್ರತಿಬಿಂಬವೇ. ಆದ್ದರಿಂದಲೇ ಕಿಟಕಿಯ ಸರಳುಗಳೂ ಅದರೊಳಗೆ ಕಪ್ಪು ಗೆರೆಗಳಾಗಿ ಮೂಡುತ್ತವೆ, ಬಟ್ಟೆ ಕಟ್ಟಿದರೆ ಮರೆಯಾಗುತ್ತವೆ. ಮೊಬೈಲ್‌ನ ಫ್ಲ್ಯಾಶ್ ಬಳಸಿದರೆ ಪಟ್ಟಿಯ ಬದಲು ತಲೆಯ ನಡುವೆ ಸುಟ್ಟ ಬೊಟ್ಟಿನಂತಹ ಬಿಳಿ ಚುಕ್ಕೆ ಬೀಳುತ್ತದೆ. ತೆಗೆಯುವವರು ಕಡುಗಪ್ಪು ಅಂಗಿ ತೊಡಬೇಕೆಂಬುದನ್ನೂ ಹಾಳೆಯಲ್ಲಿ ಬರೆಯಬೇಕು. ಕೆಂಪು ಅಂಗಿ ತೊಟ್ಟರೆ ಹಳದಿ ತಲೆಯ ಮೇಲೆ ಎಲ್ಲಿಂದಲೋ ಬಂದಂತಹ ಕೆಂಪು ಛಾಯೆ ಕಾಣಿಸಿಕೊಳ್ಳುತ್ತದೆ.

ಕೋಣೆಯ ದೀಪಗಳನ್ನೆಲ್ಲ ಆರಿಸಬೇಕೆಂಬ ಸಾಲಿಗೆ ನಾನು ಅಡಿಗೆರೆ ಎಳೆಯುತ್ತೇನೆ. ಹಗಲಿನ ಬೆಳಕಿನ ಬಣ್ಣದ ತಾಪಮಾನ ಸುಮಾರು 5500 ಕೆಲ್ವಿನ್, ಮನೆಯ ಹಳದಿ ಎಲ್‌ಇಡಿ ಬಲ್ಬಿನದು ಸುಮಾರು 2700ರಿಂದ 3000; ಎರಡೂ ಒಟ್ಟಿಗೆ ಬಿದ್ದರೆ ಗಿಲಕಿಯ ಒಂದು ಬದಿ ಸರಿಯಾಗಿದ್ದು ಇನ್ನೊಂದು ಬದಿ ಕಿತ್ತಳೆಗೆ ತಿರುಗುತ್ತದೆ, ಕ್ಯಾಮೆರಾ ಎರಡನ್ನೂ ಏಕಕಾಲಕ್ಕೆ ಸರಿಪಡಿಸಲಾರದು. ಆರಂಭದ ದಿನಗಳಲ್ಲಿ ನಾನು ಬಲ್ಬು ಆರಿಸದೆ ತೆಗೆದ ಹಳದಿ ಗಿಲಕಿಯ ಚಿತ್ರಕ್ಕೆ ಬಂದ ಆರ್ಡರ್ ‘ಬಣ್ಣ ಬೇರೆ’ ಎಂಬ ಕಾರಣದಿಂದ ವಾಪಸಾಗಿತ್ತು. ಪೆಟ್ಟಿಗೆ ತೆರೆದು ಚಿತ್ರದ ಪಕ್ಕದಲ್ಲಿ ಗಿಲಕಿಯನ್ನು ಇಟ್ಟು ನೋಡಿದೆ. ಕೊಂಡವರು ಹೇಳಿದ್ದು ನಿಜವಾಗಿತ್ತು.

ಕೋನಗಳು

ಬಿಳಿ ಹಿನ್ನೆಲೆಯಲ್ಲಿ ನಾಲ್ಕು ಚಿತ್ರಗಳು ಸಾಕು. ಮೊದಲನೆಯದು ಮುಖ್ಯ ಚಿತ್ರ: ಗಿಲಕಿಯನ್ನು ಕರ್ಣದಂತೆ ಓರೆಯಾಗಿ ಮಲಗಿಸಿ, ಕ್ಯಾಮೆರಾವನ್ನು ಮೇಜಿಗಿಂತ ಸುಮಾರು ಮೂವತ್ತು ಡಿಗ್ರಿ ಮೇಲಿಂದ ಹಿಡಿಯುವುದು. ಓರೆಯಿಟ್ಟರೆ ಉದ್ದನೆಯ ವಸ್ತು ಚೌಕ ಚೌಕಟ್ಟನ್ನು ಚೆನ್ನಾಗಿ ತುಂಬುತ್ತದೆ. ಎರಡನೆಯದು ಪಕ್ಕದಿಂದ, ವಸ್ತುವಿನ ಎತ್ತರದಲ್ಲೇ. ಮೂರನೆಯದು ಹಿಡಿಯ ತುದಿಯ ಕಡೆಯಿಂದ. ನಾಲ್ಕನೆಯದು ಹತ್ತಿರದ ಚಿತ್ರ: ಬಳೆ ಹಿಡಿಗೆ ತಾಗುವಲ್ಲಿ ಅಂಚು ನುಣುಪಾಗಿದೆಯೇ ಎಂಬುದನ್ನು ಮಗುವಿಗಾಗಿ ಕೊಳ್ಳುವ ತಾಯಿ ಹಿಗ್ಗಿಸಿ ನೋಡುವುದು ಇಲ್ಲಿಯೇ, ಹಾಗಾಗಿ ಫೋಕಸ್ ತಲೆಯ ಮೇಲಲ್ಲ, ಆ ಸಂದಿನ ಮೇಲಿರಬೇಕು. ಬೆರಳಿನ ಗುರುತೂ ಧೂಳೂ ಎದ್ದು ಕಾಣುವುದು ಇದರಲ್ಲೇ ಆದ್ದರಿಂದ ಪ್ರತಿ ಚಿತ್ರಕ್ಕೂ ಮುಂಚೆ ಮೆತ್ತನೆಯ ಒಣ ಬಟ್ಟೆಯಿಂದ ಒರೆಸಬೇಕು.

ಮೊಬೈಲನ್ನು ಗಿಲಕಿಯ ತೀರ ಹತ್ತಿರ ಒಯ್ದು ತೆಗೆದರೆ ಮುಂದಿರುವ ತಲೆ ಉಬ್ಬಿ, ಹಿಂದಿನ ಹಿಡಿ ಸಣಕಲಾಗಿ ಕಾಣುತ್ತದೆ. ಮೂರು ಅಡಿ ಹಿಂದೆ ಸರಿದು ಎರಡು ಪಟ್ಟಿನ ಲೆನ್ಸ್ ಬಳಸಬೇಕು. ಅದಿಲ್ಲದಿದ್ದರೆ ದೂರದಿಂದಲೇ ತೆಗೆದು ಆಮೇಲೆ ಕತ್ತರಿಸಬೇಕು. ಸ್ಟ್ಯಾಂಡ್ ಮೇಲಿಟ್ಟು ಮೂರು ಸೆಕೆಂಡಿನ ಟೈಮರ್ ಹಾಕಿದರೆ ಕೈ ಅಲುಗಿದ ಮಸುಕು ಬರುವುದಿಲ್ಲ.

ಬಳಕೆಯ ಚಿತ್ರ

ಐದನೆಯದು ವಸ್ತು ಮನೆಯೊಳಗೆ ಬಳಕೆಯಾಗುವುದನ್ನು ತೋರಿಸುವ ಒಂದೇ ಒಂದು ಚಿತ್ರ. ಹಾಳೆಯಲ್ಲಿ ನಾನು ಹೀಗೆ ಬರೆಯುತ್ತೇನೆ: ‘ಬೆಳ್ಳನೆಯ ಹತ್ತಿ ಹೊದಿಕೆಯ ಮೇಲೆ ಕೂತ ಮಗುವಿನ ಕೈ ಗಿಲಕಿಯ ಹಿಡಿಯನ್ನು ಹಿಡಿದಿರಬೇಕು, ಮುಖ ಕಾಣಬೇಕಿಲ್ಲ, ಬೆಳಕು ಅದೇ ಎಡಗಡೆಯ ಕಿಟಕಿಯದು, ಹಿಂಬದಿ ಮಸುಕಾಗಿರಬೇಕು.’ ಬಣ್ಣಬಣ್ಣದ ಕೌದಿ ಮನಸ್ಸಿಗೆ ಹತ್ತಿರವಾದರೂ ಗಿಲಕಿಯ ಕೆಂಪು ಬಳೆಗಳು ಅದರ ತೇಪೆಗಳಲ್ಲಿ ಕಳೆದುಹೋಗುತ್ತವೆ. ಇಲ್ಲಿ ಕೈ ಅಳತೆಗೋಲೂ ಆಗುತ್ತದೆ. ಹನ್ನೆರಡು ಸೆಂಟಿಮೀಟರ್ ಎಂದು ಬರೆದದ್ದನ್ನು ಓದದವರಿಗೂ ಪುಟ್ಟ ಮುಷ್ಟಿಯ ಪಕ್ಕದಲ್ಲಿ ಗಾತ್ರ ತಿಳಿಯುತ್ತದೆ. ಪೆಟ್ಟಿಗೆಯಲ್ಲಿ ಇಲ್ಲದ ಇನ್ನೊಂದು ಆಟಿಕೆ ಚೌಕಟ್ಟಿನಲ್ಲಿ ಇರಬಾರದು, ಕೊಳ್ಳುವವರು ಅದೂ ಜೊತೆಗೆ ಬರುತ್ತದೆಂದು ತಿಳಿಯುತ್ತಾರೆ. ಮಗು ಬೇರೆಯವರದಾಗಿದ್ದರೆ ಚಿತ್ರ ಎಲ್ಲಿ ಬಳಕೆಯಾಗುತ್ತದೆಂದು ಹೇಳಿ ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು.

ಐದೂ ಚಿತ್ರಗಳು ಸಿದ್ಧವಾದ ಮೇಲೆ ಅದೇ ಕಿಟಕಿಯ ಬಳಿ ಗಿಲಕಿಯನ್ನೂ ಮೊಬೈಲನ್ನೂ ಅಕ್ಕಪಕ್ಕ ಹಿಡಿದು ಹಳದಿಗೆ ಹಳದಿ ಹೊಂದುತ್ತದೆಯೇ ನೋಡಬೇಕು. ಹೊಂದದಿದ್ದರೆ ಪುಟಕ್ಕೆ ಏರಿಸದೆ, ಬೆಳಕಿಗೆ ತಕ್ಕಂತೆ ಬಣ್ಣವನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಸರಿಪಡಿಸಿಕೊಂಡು ಮತ್ತೆ ಹೋಲಿಸಬೇಕು.