₹13,540ರ ವ್ಯತ್ಯಾಸ: ಕಮಿಷನ್ ಸ್ಟೇಟ್‌ಮೆಂಟ್‌ಗೆ ನಾನು ಬರೆದ ತಕರಾರು ಮೇಲ್

ಕಮಿಷನ್ ಕಡಿಮೆ ಬಂದಾಗ ಸೇಲ್ಸ್‌ನವರು ಸಾಮಾನ್ಯವಾಗಿ ಬರೆಯುವ ಮೇಲ್ ಒಂದೇ ಸಾಲಿನದು: "ನನ್ನ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆ ಆಗುತ್ತಿಲ್ಲ, ದಯವಿಟ್ಟು ನೋಡಿ." ಅಕೌಂಟ್ಸ್‌ನವರು ನೋಡುತ್ತಾರೆ. ಅವರ ಶೀಟಿನಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ, "ಸರಿ ಇದೆ" ಎಂದು ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಯಾವ ಬಿಲ್ಲಿನಲ್ಲಿ, ಎಷ್ಟು ರೂಪಾಯಿ, ಯಾವ ಕಾರಣಕ್ಕೆ ಎಂದು ಹುಡುಕಿ ಕೊಡುವ ಕೆಲಸ ನಮ್ಮದೇ. ಪ್ರಯೋಗಾಲಯದ ಉಪಕರಣಗಳ ಮಾರಾಟದಲ್ಲಿ, 2024ರ ಅಕ್ಟೋಬರ್–ಡಿಸೆಂಬರ್ ಕ್ವಾರ್ಟರ್‌ಗೆ ನಾನು ಅದನ್ನು ಮಾಡಿದ ಬಗೆ ಇದು.

ಮೊದಲು ತೆರೆಯಬೇಕಾದದ್ದು ಇನ್ಸೆಂಟಿವ್ ಪ್ಲಾನ್, ಸ್ಟೇಟ್‌ಮೆಂಟ್ ಆಮೇಲೆ. ನನ್ನ ಪ್ಲಾನ್‌ನಲ್ಲಿ ಕೆಲಸಕ್ಕೆ ಬರುವ ವಾಕ್ಯಗಳು ನಾಲ್ಕೇ. ಕಮಿಷನ್ ಲೆಕ್ಕ ತೆರಿಗೆ ಸೇರದ ಬಿಲ್ ಮೊತ್ತದ ಮೇಲೆ. ಬಿಲ್ ತಾರೀಖಿನಿಂದ 60 ದಿನದೊಳಗೆ ಹಣ ಪೂರ್ತಿ ವಸೂಲಾಗಿರಬೇಕು. ಕ್ವಾರ್ಟರ್ ಟಾರ್ಗೆಟ್ ಆದ 40 ಲಕ್ಷದವರೆಗೆ ಶೇ. 1.5, ಟಾರ್ಗೆಟ್ ಮೀರಿದ ಮೊತ್ತದ ಮೇಲೆ ಶೇ. 2.5. ಸರಕು ವಾಪಸ್ ಬಂದರೆ ಕ್ರೆಡಿಟ್ ನೋಟ್ ಆದ ಕ್ವಾರ್ಟರ್‌ನಲ್ಲಿ ಅದನ್ನು ಕಳೆಯಬೇಕು. ಇದರಲ್ಲಿ "ಮೀರಿದ ಮೊತ್ತದ ಮೇಲೆ" ಎನ್ನುವ ಮಾತನ್ನು ಎರಡು ಸಲ ಓದಬೇಕು. ಟಾರ್ಗೆಟ್ ದಾಟಿದರೆ ಮೊದಲ ರೂಪಾಯಿಯಿಂದಲೇ ಶೇ. 2.5 ಎಂದು ಅಂದುಕೊಂಡು ತಕರಾರು ತೆಗೆಯುವವರು ಬಹಳ. 50 ಲಕ್ಷದ ಮಾರಾಟಕ್ಕೆ ಹಾಗೆ ಲೆಕ್ಕ ಹಾಕಿದರೆ 1,25,000 ಬರುತ್ತದೆ, ಪ್ಲಾನ್ ಪ್ರಕಾರ ಬರಬೇಕಾದದ್ದು 85,000. ಈ ತಪ್ಪು ಹೊತ್ತು ಹೋದ ಮೇಲ್‌ನಲ್ಲಿರುವ ಉಳಿದ ಸರಿಯಾದ ಅಂಶಗಳನ್ನೂ ಯಾರೂ ನೋಡುವುದಿಲ್ಲ. ಎಕ್ಸೆಲ್‌ನಲ್ಲಿ ಸ್ಲ್ಯಾಬ್‌ನ ಸೂತ್ರ ಇಷ್ಟೇ. B2ನಲ್ಲಿ ಅರ್ಹ ಮಾರಾಟದ ಮೊತ್ತ ಇರುತ್ತದೆ:

```
=MIN(B2,4000000)*1.5%+MAX(B2-4000000,0)*2.5%
```

ಆಮೇಲೆ ಬಿಲ್‌ವಾರು ತಾಳೆ. ನನ್ನ ಹೆಸರಿನಲ್ಲಿ ಆದ ಬಿಲ್ಲುಗಳ ಪಟ್ಟಿಯನ್ನು ಟ್ಯಾಲಿಯಿಂದ ಎಕ್ಸೆಲ್‌ಗೆ ತೆಗೆಸಿಕೊಂಡು, ಪ್ರತಿ ಬಿಲ್ಲಿನ ಎದುರು ತೆರಿಗೆ ಬಿಟ್ಟ ಮೊತ್ತ, ಬಿಲ್ ತಾರೀಖು, ಹಣ ಬಂದ ತಾರೀಖು, ನಡುವಿನ ದಿನಗಳನ್ನು ಹಾಕುತ್ತೇನೆ. ಪಕ್ಕದ ಕಾಲಂನಲ್ಲಿ ಸ್ಟೇಟ್‌ಮೆಂಟ್‌ನಲ್ಲಿರುವ ಮೊತ್ತ. ಬಿಲ್ ನಂಬರ್ ಹಿಡಿದು VLOOKUP ಮಾಡುವಾಗ ಒಂದು ಕಡೆ ನಂಬರಿನ ಹಿಂದೆ ಖಾಲಿ ಜಾಗ ಉಳಿದಿದ್ದರೆ ಇರುವ ಬಿಲ್ಲೂ ಇಲ್ಲ ಎಂದು ತೋರಿಸುತ್ತದೆ. ಹಾಗಾಗಿ ಎರಡೂ ಪಟ್ಟಿಗೆ ಮೊದಲು TRIM ಹಾಕುತ್ತೇನೆ. ಬರಿಯ ಒಟ್ಟು ಮೊತ್ತ ಹೋಲಿಸಿ ಬಿಡುವುದು ಸಾಲದು. ಒಂದು ತಪ್ಪು ನಮ್ಮ ಪರವಾಗಿ, ಇನ್ನೊಂದು ವಿರುದ್ಧವಾಗಿ ಆಗಿದ್ದರೆ ಒಟ್ಟಿನಲ್ಲಿ ಅರ್ಧ ಮುಚ್ಚಿಹೋಗಿರುತ್ತದೆ.

ನನ್ನ ಪಟ್ಟಿಯಲ್ಲಿ 27 ಬಿಲ್, ತೆರಿಗೆ ಬಿಟ್ಟು 52,00,000. ಸ್ಟೇಟ್‌ಮೆಂಟ್‌ನಲ್ಲಿ 26 ಬಿಲ್. ಕ್ರೆಡಿಟ್ ನೋಟ್ ಕಳೆದ ಮೇಲೆ ಅವರ ಅರ್ಹ ಮೊತ್ತ 44,58,400, ಕಮಿಷನ್ 71,460.

ಬಿಟ್ಟುಹೋದ ಬಿಲ್ ಒಂದು ಸರ್ಕಾರಿ ಕಾಲೇಜಿನದು. ತೆರಿಗೆ ಬಿಟ್ಟು 6,00,000, ಶೇ. 18 ಜಿಎಸ್‌ಟಿ 1,08,000, ಒಟ್ಟು 7,08,000. ಬಿಲ್ ಆದದ್ದು ಅಕ್ಟೋಬರ್ 14, ಹಣ ಬಂದದ್ದು ನವೆಂಬರ್ 29, ಅಂದರೆ 46ನೇ ದಿನ. ಆದರೆ ಬ್ಯಾಂಕಿಗೆ ಬಂದದ್ದು 6,96,000. ಉಳಿದ 12,000 ಬಾಕಿ ಎಂದು ಲೆಡ್ಜರಿನಲ್ಲಿ ನಿಂತಿತ್ತು. "ಪೂರ್ತಿ ವಸೂಲಾಗಿರಬೇಕು" ಎಂಬ ಷರತ್ತಿನಿಂದಾಗಿ, ಹನ್ನೆರಡು ಸಾವಿರದ ಬಾಕಿಗೆ ಆರು ಲಕ್ಷದ ಬಿಲ್ ಇಡಿಯಾಗಿ ಹೊರಗೆ ಬಿದ್ದಿತ್ತು.

ಆ 12,000 ಬಾಕಿಯೇ ಅಲ್ಲ. ತೆರಿಗೆ ಬಿಟ್ಟು ಎರಡೂವರೆ ಲಕ್ಷ ಮೀರಿದ ಕರಾರಿನಲ್ಲಿ ಸರ್ಕಾರಿ ಇಲಾಖೆಗಳು ಹಣ ಕೊಡುವಾಗ ಶೇ. 2 ಜಿಎಸ್‌ಟಿ ಟಿಡಿಎಸ್ ಹಿಡಿದುಕೊಳ್ಳಬೇಕು. ರಾಜ್ಯದೊಳಗಿನ ಮಾರಾಟವಾದರೆ ಕೇಂದ್ರದ ಪಾಲು ಒಂದು, ರಾಜ್ಯದ ಪಾಲು ಒಂದು. 6,00,000ಕ್ಕೆ ಶೇ. 2 ಅಂದರೆ ಸರಿಯಾಗಿ 12,000. ಹಿಡಿದುಕೊಂಡವರು ಮುಂದಿನ ತಿಂಗಳ 10ರೊಳಗೆ GSTR-7 ರಿಟರ್ನ್ ಸಲ್ಲಿಸಬೇಕು. ನಮ್ಮ ಕಂಪನಿ ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಂಡ ಮೇಲೆ ಆ ಹಣ ಕಂಪನಿಯ ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರಿಗೆ ಬರುತ್ತದೆ, GSTR-7A ಪ್ರಮಾಣಪತ್ರವೂ ಸಿಗುತ್ತದೆ. ಅಂದರೆ ಹಣ ಕಂಪನಿಗೆ ಮುಟ್ಟಿದೆ, ಬ್ಯಾಂಕಿನ ಬದಲು ಬೇರೆ ದಾರಿಯಲ್ಲಿ. ಆಗದೆ ಉಳಿದದ್ದು ಪುಸ್ತಕದ ಒಂದು ನಮೂದು: ಜಿಎಸ್‌ಟಿ ಟಿಡಿಎಸ್ ಖಾತೆಗೆ ಡೆಬಿಟ್, ಪಾರ್ಟಿಗೆ ಕ್ರೆಡಿಟ್ ಎಂದು ಜರ್ನಲ್ ಹಾಕಿ, ಅದೇ ಬಿಲ್ ನಂಬರಿಗೆ Agst Ref ಕೊಡುವುದು. ಬಿಲ್ ನಂಬರಿಗೆ ಜೋಡಿಸದೆ On Account ಎಂದು ಬಿಟ್ಟರೆ ಪಾರ್ಟಿಯ ಒಟ್ಟು ಬಾಕಿ ಸೊನ್ನೆ ಆಗುತ್ತದೆ, ಆದರೆ ಬಿಲ್‌ವಾರು ಬಾಕಿಯಲ್ಲಿ 12,000 ಹಾಗೇ ಇರುತ್ತದೆ. ಇನ್ಸೆಂಟಿವ್ ಶೀಟ್ ತೆಗೆಯುವುದು ಈ ಬಿಲ್‌ವಾರು ಪಟ್ಟಿಯಿಂದಲೇ.

ಇಂಥ ಕಡೆ ವ್ಯತ್ಯಾಸದ ಮೊತ್ತವೇ ಕಾರಣ ಹೇಳಿಬಿಡುತ್ತದೆ. ತೆರಿಗೆ ಬಿಟ್ಟ ಮೊತ್ತದ ಶೇ. 2 ಕಡಿಮೆ ಬಂದಿದ್ದು ಪಾರ್ಟಿ ಸರ್ಕಾರದ್ದಾಗಿದ್ದರೆ ಜಿಎಸ್‌ಟಿ ಟಿಡಿಎಸ್. ದೊಡ್ಡ ಖಾಸಗಿ ಗ್ರಾಹಕರು ವರ್ಷದಲ್ಲಿ ಐವತ್ತು ಲಕ್ಷ ಮೀರಿ ಕೊಂಡು ಶೇ. 0.1 ಕಡಿಮೆ ಕೊಟ್ಟಿದ್ದರೆ ಅದು ಆದಾಯ ತೆರಿಗೆಯ ಕಡಿತ, 2024ರಲ್ಲಿ 194ಕ್ಯು ಕಲಮಿನಡಿ ಇದ್ದದ್ದು. ಎರಡು ಅಂಕಿಗಳನ್ನು ಭಾಗಿಸಿದಾಗ 1.18 ಬಂದರೆ ಎಲ್ಲೋ ಜಿಎಸ್‌ಟಿ ಸೇರಿಕೊಂಡಿದೆ.

ಎರಡನೆಯ ವ್ಯತ್ಯಾಸ ಈ ಕೊನೆಯ ಜಾತಿಯದು. ವಾಪಸ್ ಬಂದ ಉಪಕರಣದ ಕ್ರೆಡಿಟ್ ನೋಟ್ ತೆರಿಗೆ ಬಿಟ್ಟು 1,20,000. ಸ್ಟೇಟ್‌ಮೆಂಟ್‌ನಲ್ಲಿ ಕಳೆದದ್ದು 1,41,600. ಬಿಲ್ ಸೇರಿಸುವಾಗ ತೆರಿಗೆ ಬಿಟ್ಟು, ಕಳೆಯುವಾಗ ತೆರಿಗೆ ಸೇರಿಸಿ! ಬಿಲ್ಲುಗಳನ್ನು ಸೇಲ್ಸ್ ರಿಜಿಸ್ಟರಿನಿಂದಲೂ ಕ್ರೆಡಿಟ್ ನೋಟನ್ನು ಪಾರ್ಟಿ ಲೆಡ್ಜರಿನಿಂದಲೂ ತೆಗೆದಾಗ ಹೀಗಾಗುತ್ತದೆ. ಲೆಡ್ಜರಿನಲ್ಲಿ ಯಾವಾಗಲೂ ಒಟ್ಟು ಮೊತ್ತವೇ ಇರುತ್ತದಲ್ಲ.

ಮೂರನೆಯದು ನನ್ನ ಪರವಾಗಿ ಆಗಿದ್ದ ತಪ್ಪು. 80,000ದ ಒಂದು ಬಿಲ್, ಅಕ್ಟೋಬರ್ 7ರದು. ಹಣ ಬಂದದ್ದು ಡಿಸೆಂಬರ್ 17ಕ್ಕೆ, 71ನೇ ದಿನ. ಅದೇ ಪಾರ್ಟಿಯ ಬೇರೆ ಬಿಲ್ಲಿನ ರಸೀದಿ ತಾರೀಖು ಇದರ ಮುಂದೆ ಕೂತಿದ್ದರಿಂದ ಸ್ಟೇಟ್‌ಮೆಂಟ್‌ನಲ್ಲಿ ಸೇರಿಹೋಗಿತ್ತು. ಇದನ್ನು ನಾನೇ ಬರೆದು ಹೇಳುತ್ತೇನೆ. ಒಳ್ಳೆಯತನ ಅದರಲ್ಲಿ ಅರ್ಧ ಮಾತ್ರ. ತಕರಾರು ಬಂದ ಮೇಲೆ ಅಕೌಂಟ್ಸ್‌ನವರು ಇಡೀ ಪಟ್ಟಿಯನ್ನು ಹೇಗೂ ಮತ್ತೆ ನೋಡುತ್ತಾರೆ. ಆಗ ಅವರ ಕೈಗೆ ಇದು ಸಿಕ್ಕರೆ ಮಾತುಕತೆ ಪೂರ್ತಿ ಇದರ ಸುತ್ತಲೇ ತಿರುಗುತ್ತದೆ.

ಮೂರನ್ನೂ ಸರಿಪಡಿಸಿದರೆ ಅರ್ಹ ಮೊತ್ತ 52,00,000ದಿಂದ 80,000 ಮತ್ತು 1,20,000 ಕಳೆದು 50,00,000. ಕಮಿಷನ್ 60,000 ಜೊತೆಗೆ 25,000, ಒಟ್ಟು 85,000. ಬಾಬ್ತುವಾರು ನೋಡಿದರೂ 15,000 ಜೊತೆಗೆ 540, ಅದರಲ್ಲಿ 2,000 ಕಳೆದು 13,540. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದ ಮೇಲೆಯೇ ಮೇಲ್ ಬರೆಯಲು ಕೂರುವುದು. ಒಂದು ಎಚ್ಚರಿಕೆ ಇದೆ. ಇಲ್ಲಿ ಅವರ ಲೆಕ್ಕವೂ 40 ಲಕ್ಷ ದಾಟಿದ್ದರಿಂದ ಪ್ರತಿ ಬಾಬ್ತಿಗೂ ನೇರವಾಗಿ ಶೇ. 2.5 ಹಾಕಬಹುದು. ಅವರ ಮೊತ್ತ 38 ಲಕ್ಷದಲ್ಲಿ ನಿಂತಿದ್ದರೆ ಮೊದಲ 2 ಲಕ್ಷಕ್ಕೆ 1.5, ಉಳಿದದ್ದಕ್ಕೆ 2.5 ಆಗಿ ಬಾಬ್ತುವಾರು ಲೆಕ್ಕ ತಾಳೆ ತಪ್ಪುತ್ತದೆ. ಆಗ ಬಾಬ್ತುವಾರು ಮಾರಾಟದ ಮೊತ್ತ ಮಾತ್ರ ತೋರಿಸಿ, ಕಮಿಷನ್ ಅನ್ನು ಒಟ್ಟಿಗೇ ಲೆಕ್ಕ ಹಾಕುವುದು ಲೇಸು.

ಮೇಲ್ ಹೋಗಬೇಕಾದದ್ದು ಸ್ಟೇಟ್‌ಮೆಂಟ್ ತಯಾರಿಸಿದವರಿಗೆ. ಮ್ಯಾನೇಜರ್ ಸಿಸಿಯಲ್ಲಿ ಇದ್ದರೆ ಸಾಕು. ಮೊದಲ ಮೇಲ್‌ನಲ್ಲೇ ಎಚ್ಆರ್ ಅನ್ನು ಸೇರಿಸಿದರೆ ಅದು ದೂರಾಗಿಬಿಡುತ್ತದೆ, ಲೆಕ್ಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಬರೆಯುವುದಾದರೂ ಸಾಲುಗಳ ಕ್ರಮ ಇದೇ:

> ವಿಷಯ: ಅಕ್ಟೋಬರ್–ಡಿಸೆಂಬರ್ 2024 ಕಮಿಷನ್ ಸ್ಟೇಟ್‌ಮೆಂಟ್ – ಮೂರು ಬಾಬ್ತು, ನಿವ್ವಳ ವ್ಯತ್ಯಾಸ ₹13,540
>
> ಮೇಡಂ, ನಮಸ್ಕಾರ.
>
> ಮಾರ್ಚ್ 10ರ ಸ್ಟೇಟ್‌ಮೆಂಟ್‌ನಲ್ಲಿ ಕಮಿಷನ್ ₹71,460 ಇದೆ. ಪ್ಲಾನ್ ಪ್ರಕಾರ ನನ್ನ ಲೆಕ್ಕದಲ್ಲಿ ₹85,000 ಬರುತ್ತದೆ. ಸ್ಲ್ಯಾಬ್ ದರಗಳ ಬಗ್ಗೆ ಪ್ರಶ್ನೆ ಇಲ್ಲ. ವ್ಯತ್ಯಾಸ ಇರುವುದು ಅರ್ಹ ಮಾರಾಟದ ಮೊತ್ತದಲ್ಲಿ.
>
> 1. ಸರ್ಕಾರಿ ಕಾಲೇಜಿನ ಅಕ್ಟೋಬರ್ 14ರ ಬಿಲ್ (₹6,00,000) ಸೇರಿಲ್ಲ. ₹6,96,000 ನವೆಂಬರ್ 29ಕ್ಕೆ ಬಂದಿದೆ. ಬಾಕಿ ತೋರುವ ₹12,000 ಶೇ. 2 ಜಿಎಸ್‌ಟಿ ಟಿಡಿಎಸ್; GSTR-7A ಲಗತ್ತಿಸಿದ್ದೇನೆ. ಜರ್ನಲ್ ಆದರೆ ಬಿಲ್ ಮುಗಿಯುತ್ತದೆ. ಕಮಿಷನ್ + ₹15,000.
>
> 2. ಕ್ರೆಡಿಟ್ ನೋಟ್ ₹1,41,600 ಎಂದು ಕಳೆದಿದೆ. ತೆರಿಗೆ ಬಿಟ್ಟು ₹1,20,000 ಆಗಬೇಕು. ಕಮಿಷನ್ + ₹540.
>
> 3. ಅಕ್ಟೋಬರ್ 7ರ ₹80,000 ಬಿಲ್ ಸೇರಿದೆ. ಹಣ 71ನೇ ದಿನ ಬಂದಿದ್ದರಿಂದ ಇದು ನನಗೆ ಸಲ್ಲದು. ಕಮಿಷನ್ – ₹2,000.
>
> ಬಿಲ್‌ವಾರು ಶೀಟ್ ಲಗತ್ತಿಸಿದೆ, ಈ ಮೂರು ಸಾಲುಗಳಿಗೆ ಹಳದಿ ಬಣ್ಣ ಹಾಕಿದ್ದೇನೆ. ಇವುಗಳಲ್ಲಿ ಯಾವುದು ಒಪ್ಪಿಗೆ, ಯಾವುದಕ್ಕೆ ದಾಖಲೆ ಬೇಕು ಎಂದು ಮಾರ್ಚ್ 20ರೊಳಗೆ ತಿಳಿಸಿದರೆ ಈ ತಿಂಗಳ ಪೇರೋಲ್‌ಗೆ ಸೇರಿಸಬಹುದು. ಬಾಬ್ತು 1ನ್ನು ಅಕ್ಟೋಬರ್–ಡಿಸೆಂಬರ್ ಕ್ವಾರ್ಟರ್‌ನ ತಿದ್ದುಪಡಿಯಾಗಿಯೇ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.

"ಸ್ಲ್ಯಾಬ್ ದರಗಳ ಬಗ್ಗೆ ಪ್ರಶ್ನೆ ಇಲ್ಲ" ಎಂಬ ಸಾಲು ಚಿಕ್ಕದು, ಆದರೆ ಓದುವವರ ಅರ್ಧ ಕೆಲಸ ಅಲ್ಲೇ ಕಡಿಮೆ ಆಗುತ್ತದೆ. ಬರಿಯ "ಪರಿಶೀಲಿಸಿ" ಎಂದರೆ ಉತ್ತರಕ್ಕೆ ಗಡುವೇ ಇರುವುದಿಲ್ಲ. ಮಾರ್ಚ್‌ನಲ್ಲಂತೂ ವರ್ಷಾಂತ್ಯದ ಗದ್ದಲ, ಪೇರೋಲ್ ಬೇರೆ ಬೇಗ ಮುಚ್ಚುತ್ತಾರೆ.

ಕೊನೆಯ ಕೋರಿಕೆಯೇ ಇಡೀ ಮೇಲ್‌ನಲ್ಲಿ ದುಬಾರಿ ವಾಕ್ಯ. ಇಂಥ ತಕರಾರಿಗೆ ಸುಲಭವಾಗಿ ಬರುವ ಉತ್ತರ ಹೀಗಿರುತ್ತದೆ: "ಸರಿ, ಜರ್ನಲ್ ಹಾಕುತ್ತೇವೆ, ಬಿಲ್ ಮುಂದಿನ ಕ್ವಾರ್ಟರ್‌ನಲ್ಲಿ ಬರುತ್ತದೆ." ಕೇಳಲು ಒಪ್ಪಿಗೆಯಂತೆಯೇ ಇದೆ. ಆದರೆ ಮುಂದಿನ ಕ್ವಾರ್ಟರ್‌ನಲ್ಲಿ ಟಾರ್ಗೆಟ್ ಮುಟ್ಟದಿದ್ದರೆ ಆ ಆರು ಲಕ್ಷಕ್ಕೆ ಶೇ. 1.5 ಮಾತ್ರ, ಅಂದರೆ 15,000ದ ಬದಲು 9,000. ಜರ್ನಲ್ ಮಾರ್ಚ್‌ನ ತಾರೀಖಿನಲ್ಲಿ ಬಿದ್ದರೆ ಇನ್ನೂ ಒಂದು ತೊಡಕು: ಬಿಲ್ ಮುಗಿದ ದಿನ ಅದೇ ಎಂದು ಶೀಟ್ ಎಣಿಸಿ, 60 ದಿನ ಮೀರಿದೆ ಎಂದು ಬಿಲ್ಲನ್ನು ಪೂರ್ತಿ ತೆಗೆದುಹಾಕಬಹುದು. ಅದಕ್ಕೇ ನವೆಂಬರ್ 29 ಎಂಬ ತಾರೀಖನ್ನು ಮೇಲ್‌ನಲ್ಲಿ ಬರೆದು, ಬ್ಯಾಂಕ್ ಸ್ಟೇಟ್‌ಮೆಂಟಿನ ಯುಟಿಆರ್ ಸಾಲನ್ನು ಶೀಟಿನಲ್ಲಿ ಅಂಟಿಸಿರುತ್ತೇನೆ.

ಒಪ್ಪಿಗೆ ಬಂದರೂ ಪರಿಷ್ಕೃತ ಸ್ಟೇಟ್‌ಮೆಂಟ್ ಕೇಳಿ ಪಡೆಯಬೇಕು. ಪೇಸ್ಲಿಪ್‌ನಲ್ಲಿ ಬರುವ ಒಂದೇ ಮೊತ್ತದಿಂದ ಏನೂ ತಿಳಿಯುವುದಿಲ್ಲ, ಅದರ ಮೇಲೆ ಸಂಬಳದ ಟಿಡಿಎಸ್ ಬೇರೆ ಕಡಿತವಾಗಿರುತ್ತದೆ. ಪರಿಷ್ಕೃತ ಪಟ್ಟಿಯಲ್ಲಿ 26 ಬಿಲ್ ಇರಬೇಕು: ಕಾಲೇಜಿನ ಬಿಲ್ ಒಳಗೆ ಬಂದು 80,000ದ್ದು ಹೊರಗೆ ಹೋಗಿರುತ್ತದೆ. ಹಳೆಯ ಸ್ಟೇಟ್‌ಮೆಂಟ್‌ನಲ್ಲೂ ಸಂಖ್ಯೆ 26ರದೇ ಆದ್ದರಿಂದ ಎಣಿಕೆಯನ್ನು ನಂಬದೆ ಆ ಎರಡು ಬಿಲ್ ನಂಬರುಗಳನ್ನೇ ಹುಡುಕಿ ನೋಡುತ್ತೇನೆ.