ಆಷಾಢದಲ್ಲಿ ಸೀರೆ ಯಾರೂ ಕೊಳ್ಳಲ್ಲ, ಆದರೂ ಅಂಗಡಿ ನಡೆಯಬೇಕಲ್ವಾ?

ನಾನು ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಮ್, ಜೊತೆಗೆ ಒಂದು ಚಿಕ್ಕ ವೆಬ್‌ಸೈಟ್, ಇಷ್ಟೇ. ಮದುವೆ ಸೀಸನ್ ಮುಗಿದ ಮೇಲೆ ಶ್ರಾವಣ ಬರುವ ತನಕ ಫೋನ್ ಸುಮ್ನೆ ಕೂತಿರುತ್ತದೆ. ಆ ತಿಂಗಳುಗಳನ್ನು ನಾನು ಹೇಗೆ ದಾಟುತ್ತೇನೆ ಅನ್ನೋದನ್ನು ಬರೆಯುತ್ತಿದ್ದೇನೆ. ಬಟ್ಟೆ ವ್ಯಾಪಾರಕ್ಕೆ ಹೊಸದಾಗಿ ಬಂದವರು ಹೆಚ್ಚಾಗಿ ಎಡವುವುದು ಇಲ್ಲೇ.

ಮೊದಲ ಕೆಲಸ ಪಂಚಾಂಗ ನೋಡುವುದು. ಜೂನ್-ಜುಲೈ ಡಲ್ ಅಂತ ಅಂದಾಜಿಗೆ ಹೇಳಿದರೆ ಸಾಲದು, ಯಾಕೆಂದರೆ ವರ್ಷ ವರ್ಷಕ್ಕೂ ದಿನಾಂಕ ಬದಲಾಗುತ್ತದೆ. 2023ರಲ್ಲಿ ಆಷಾಢ ಜೂನ್ 19ಕ್ಕೆ ಶುರುವಾಗಿ ಜುಲೈ 17ಕ್ಕೆ ಮುಗಿಯಿತು, ಆದರೆ ಮರುದಿನವೇ ಅಧಿಕ ಶ್ರಾವಣ ಬಂತು, ಅದು ಆಗಸ್ಟ್ 16ರ ತನಕ ಇತ್ತು. ಅಂದರೆ ಸುಮಾರು ಎರಡು ತಿಂಗಳು ಮದುವೆಯೂ ಇಲ್ಲ, ವ್ರತದ ಖರೀದಿಯೂ ಇಲ್ಲ. ವರಮಹಾಲಕ್ಷ್ಮಿ ಆ ವರ್ಷ ಆಗಸ್ಟ್ 25ಕ್ಕೆ. ಅದೇ ಹಬ್ಬ 2025ರಲ್ಲಿ ಆಗಸ್ಟ್ 8ಕ್ಕೇ ಬಂತು. ಇನ್ನು 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15. ಮದುವೆ ಸೀಸನ್ ನಡುವೆಯೇ ತುಂಡಾಗುತ್ತದೆ. ಯುಗಾದಿಗೆ ಹೊಸ ಪಂಚಾಂಗ ಬಂದ ದಿನವೇ ನಾನು ಕ್ಯಾಲೆಂಡರ್‌ನಲ್ಲಿ ಖಾಲಿ ವಾರಗಳಿಗೆ ಬಣ್ಣ ಹಚ್ಚಿಡುತ್ತೇನೆ, ಉಳಿದ ಲೆಕ್ಕವೆಲ್ಲ ಅದರ ಮೇಲೆ.

ಈಗ ದುಡ್ಡಿನ ವಿಷಯ. ಅರ್ಥವಾಗಲಿ ಅಂತ ದುಂಡು ಸಂಖ್ಯೆಯಲ್ಲಿ ಹೇಳುತ್ತೇನೆ. ಒಂದು ಸೀರೆಗೆ ನೇಕಾರರ ಮನೆಯಿಂದ ತರುವಾಗ 2,000 ಬೀಳುತ್ತದೆ, ನಾನು 3,000ಕ್ಕೆ ಮಾರುತ್ತೇನೆ ಅಂದುಕೊಳ್ಳಿ. ಬಾಡಿಗೆ, ಪ್ಯಾಕಿಂಗ್‌ಗೆ ಬರುವವರ ಸಂಬಳ, ಫೋನು, ವೆಬ್‌ಸೈಟು ಎಲ್ಲ ಸೇರಿ ತಿಂಗಳಿಗೆ 20,000 ಖರ್ಚು. ಎರಡು ಖಾಲಿ ತಿಂಗಳಿಗೆ 40,000 ಬೇಕು. ಸೀಸನ್‌ನಲ್ಲಿ 200 ಸೀರೆ ಹೋಗುತ್ತದೆ ಅಂದರೆ ಪ್ರತಿ ಸೀರೆಯ ಲಾಭದಲ್ಲಿ 200 ರೂಪಾಯಿ ಪಕ್ಕಕ್ಕೆ ಇಟ್ಟರೆ ಆ 40,000 ಕೂಡಿತು. ಇದು ಸುಲಭದ ಭಾಗ.

ಕಷ್ಟದ್ದು ಇನ್ನೊಂದಿದೆ. ಶ್ರಾವಣಕ್ಕೆ 60 ಸೀರೆ ಕೈಯಲ್ಲಿರಬೇಕು ಅಂದರೆ 1,20,000 ಬೇಕು, ಅದೂ ಮಾರಾಟ ಸತ್ತಿರುವ ಹೊತ್ತಿನಲ್ಲೇ. ಈ ದುಡ್ಡು ಲಾಭದಿಂದ ಬರುವುದಲ್ಲ. ಸೀರೆ ಮಾರಿದಾಗ ಬಂದ 3,000ದಲ್ಲಿ 2,000 ನಮ್ಮದೇ ಮೂಲ ಹಣ, ಮತ್ತೆ ಮಗ್ಗಕ್ಕೇ ಹೋಗಬೇಕಾದದ್ದು. ಎಲ್ಲ ಒಂದೇ ಖಾತೆಯಲ್ಲಿದ್ದರೆ ಅದು ಲಾಭದ ಹಾಗೇ ಕಾಣುತ್ತದೆ, ಮೇ ತಿಂಗಳಲ್ಲಿ ಮನೆ ಖರ್ಚಿಗೆ ಕರಗುತ್ತದೆ, ಆಮೇಲೆ ಜುಲೈನಲ್ಲಿ ಬಡ್ಡಿಗೆ ಸಾಲ. ಅದಕ್ಕೇ ನಾನು ಎರಡು ಖಾತೆ ಇಟ್ಟಿದ್ದೇನೆ. ಗ್ರಾಹಕರ ಹಣ ಬಂದ ವಾರವೇ ಮೂಲ ಹಣ ಎರಡನೇ ಖಾತೆಗೆ ಹೋಗುತ್ತದೆ. ಆ ಖಾತೆಗೆ ಯುಪಿಐ ಇಲ್ಲ, ಬೇಕಂತಲೇ ಹಾಕಿಸಿಲ್ಲ.

ಮಾರಾಟ ಇಲ್ಲ ಅಂತ ಮಗ್ಗ ನಿಲ್ಲಿಸಿದರೆ ಶ್ರಾವಣಕ್ಕೆ ಸೀರೆ ಸಿಗಲ್ಲ. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು, ತೋಪ ತೆನಿ ಸೆರಗು ಹುಟ್ಟುವುದು ಹಾಗೆ. ಮಳೆಗಾಲದಲ್ಲಿ ಬಣ್ಣ ಹಾಕಿದ ನೂಲು, ಗಂಜಿ ಹಚ್ಚಿದ ಹಾಸು ಬೇಗ ಒಣಗುವುದಿಲ್ಲ. ಹಬ್ಬ ಹತ್ತಿರ ಬಂದಾಗ ಅರ್ಜೆಂಟ್ ಅಂದರೆ ನೇಕಾರರೇನು ಮಾಡಿಯಾರು? ನೂಲು, ಬಣ್ಣ, ದಡಿ ಎಲ್ಲ ಮೇ ಕೊನೆಗೇ ಗೊತ್ತುಮಾಡಿ ಮುಂಗಡ ಕೊಡುತ್ತೇನೆ. ಆಷಾಢದಲ್ಲಿ ಬೇರೆ ವ್ಯಾಪಾರಿಗಳು ಕೆಲಸ ಕಡಿಮೆ ಮಾಡಿದಾಗ ನಮ್ಮ ಕೆಲಸ ಮಗ್ಗದ ಮೇಲಿರುತ್ತದೆ. ಅವರಿಗೆ ವಾರದ ಕೂಲಿ ತಪ್ಪುವುದಿಲ್ಲ, ನಮಗೆ ಒಳ್ಳೆಯ ನೇಕಾರರು ಕೈತಪ್ಪುವುದಿಲ್ಲ. ಕೂಲಿ ಇಳಿಸಿ ಮಾಡಿಸಿಕೊಳ್ಳುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಆದರೆ 60ಕ್ಕೆ 60ನ್ನೂ ನಂಬಿಕೆಯ ಮೇಲೆ ನೇಯಿಸಬಾರದು. ಇಲ್ಲಿ ಮುಂಗಡ ಬುಕಿಂಗ್ ಕೈ ಹಿಡಿಯುತ್ತದೆ. ಹಳೆಯ ಗ್ರಾಹಕರಿಗೆ ಆಷಾಢದ ಮೊದಲ ವಾರ ಬಣ್ಣದ ಕಾರ್ಡ್ ಕಳಿಸುತ್ತೇನೆ. ಬಾಗಲಕೋಟೆಯ ಒಬ್ಬರು ಹೇಳಿದರು, "ಅಕ್ಕಾರ, ಆಷಾಢದಾಗ ನಾವು ಹೊಸಾ ಸೀರಿ ಮನಿಗೆ ತರೂದಿಲ್ರಿ." ನಾನಂದೆ, "ಬ್ಯಾಡ್ರಿ, ಈಗ ಬಣ್ಣ ಅಷ್ಟ ಆರಿಸ್ರಿ. ಪಾರ್ಸಲ್ ಶ್ರಾವಣ ಹತ್ತಿದ ಮ್ಯಾಲೇ ಕಳಸ್ತೀನಿ." ಅವರು ದಾಳಿಂಬೆ ಕೆಂಪು ಆರಿಸಿ, ಅತ್ತಿಗೆಗೂ ಒಂದು ನವಿಲು ಹಸಿರು ಹೇಳಿದರು. ಜನರಿಗೆ ಬೇಡವಾದದ್ದು ಸೀರೆ ಅಲ್ಲ, ಆ ತಿಂಗಳು. ಬೆಲೆಯ ಕಾಲು ಭಾಗ ಮುಂಗಡ ತೆಗೆದುಕೊಳ್ಳುತ್ತೇನೆ, ಕಳಿಸುವ ದಿನಾಂಕ ಬರೆದೇ ಕೊಡುತ್ತೇನೆ. ಆಷಾಢದ ನಡುವಿಗೆ ಯಾವ ಬಣ್ಣಕ್ಕೆ ಬುಕಿಂಗ್ ಬಂದಿಲ್ಲವೋ ಅದರ ಹೊಸ ಹಾಸು ಹೂಡಿಸುವುದಿಲ್ಲ. ಹೊರದೇಶದಲ್ಲಿರುವವರದ್ದು ಬೇರೆ ಕಥೆ, ಅವರಿಗೆ ಹಬ್ಬದೊಳಗೆ ಮುಟ್ಟಬೇಕಾದರೆ ಆಷಾಢದಲ್ಲೇ ಕಳಿಸಬೇಕು, ಅದನ್ನು ಮೊದಲೇ ಹೇಳಿ ಒಪ್ಪಿಸಿಕೊಳ್ಳುತ್ತೇನೆ.

ಆಷಾಢ ಸೇಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಮಾಡುತ್ತೇನೆ, ಆದರೆ ಎರಡು ಸೀಸನ್ ದಾಟಿಯೂ ಉಳಿದ ಸೀರೆಗಳಿಗೆ ಮಾತ್ರ. ಪ್ರತಿ ಸೀರೆಗೂ ಬಂದ ತಿಂಗಳು ಬರೆದ ಚೀಟಿ ಇದೆ. ಹೊಸ ಮಾಲಿಗೆ ರಿಯಾಯಿತಿ ಕೊಟ್ಟರೆ ಗ್ರಾಹಕರು ಮೇ ತಿಂಗಳಲ್ಲಿ "ಆಷಾಢಕ್ಕೆ ತಗೋತೀನಿ" ಅನ್ನೋಕೆ ಶುರು ಮಾಡುತ್ತಾರೆ. ಹಾಗೆ ಕೇಳುವವರು ಜಾಸ್ತಿಯಾದರೆ ಸೇಲ್ ನಮ್ಮ ಸೀಸನ್ನನ್ನೇ ತಿನ್ನುತ್ತಿದೆ ಅಂತ ಅರ್ಥ. ಈ ತಿಂಗಳುಗಳಲ್ಲಿ ಕ್ಯಾಶ್ ಆನ್ ಡೆಲಿವರಿಯನ್ನೂ ಬಂದ್ ಮಾಡುತ್ತೇನೆ. ವಾಪಸ್ ಬಂದ ಒಂದು ಪಾರ್ಸಲ್‌ಗೆ ಹೋಗುವ ಬರುವ ಎರಡೂ ಕೊರಿಯರ್ ಖರ್ಚು ನಮ್ಮದೇ, ಮಳೆಯಲ್ಲಿ ನೆನೆದು ಬಂದರೆ ಸೀರೆಯೂ ಹೋಯಿತು.

ಕೈಗೆ ಬಿಡುವಿದ್ದಾಗ ಮಾಡುವ ಕೆಲಸ ಎರಡು. ಒಂದು, ಇಟ್ಟ ಸೀರೆಗಳನ್ನೆಲ್ಲ ತೆಗೆದು ಮಡಿಕೆ ಬದಲಿಸುವುದು. ಒಂದೇ ಗೆರೆಯಲ್ಲಿ ಬಹಳ ದಿನ ಇದ್ದರೆ ರೇಷ್ಮೆ ಅಲ್ಲೇ ಸೀಳುತ್ತದೆ. ಇನ್ನೊಂದು ಫೋಟೋ. ಇಳಕಲ್ ಸೆರಗಿನ ಕೆಂಪು ಬಿಸಿಲಲ್ಲಿ ಫೋನ್ ಕ್ಯಾಮೆರಾಗೆ ಹಿಡಿಯುವುದೇ ಇಲ್ಲ, ಕಿತ್ತಳೆಯ ಕಡೆ ತಿರುಗುತ್ತದೆ, ಗಿರಿ ಕುಂಕುಮ ಬಣ್ಣವಂತೂ ಇನ್ನೂ ಕಷ್ಟ. ಮೋಡ ಕವಿದ ದಿನ ಬೆಳಿಗ್ಗೆ ಪಡಸಾಲೆಯ ಬಾಗಿಲ ಬಳಿ ಸೀರೆ ಹರಡಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡುತ್ತೇನೆ. ಫೋಟೋದಲ್ಲಿ ಹಾಳೆ ಬಿಳಿಯಾಗೇ ಕಂಡರೆ ಬಣ್ಣ ಹೆಚ್ಚುಕಮ್ಮಿ ಸರಿ ಬಂದಿದೆ ಅಂತ ಲೆಕ್ಕ. ಬಣ್ಣ ಬೇರೆ ಅಂತ ವಾಪಸ್ ಬರುವ ಸೀರೆಗಳು ಇದರಿಂದ ಕಡಿಮೆಯಾದವು. ಶ್ರಾವಣದಿಂದ ದೀಪಾವಳಿ ತನಕದ ಫೋಟೋಗಳು ಆಷಾಢದಲ್ಲೇ ಮುಗಿಯುತ್ತವೆ.

ಅಧಿಕ ಮಾಸ ಬಂದ ವರ್ಷ ಗುಳೇದಗುಡ್ಡದ ಖಣವನ್ನೂ ಜೊತೆಗೆ ಇಡುತ್ತೇನೆ. ನಮ್ಮ ಕಡೆ ಆ ತಿಂಗಳು ಮಗಳು-ಅಳಿಯನನ್ನು ಕರೆದು ಉಡುಗೊರೆ ಕೊಡುವ ಪದ್ಧತಿ ಇದೆಯಲ್ಲ, ಖಣಕ್ಕೆ ಬೆಲೆ ಕಡಿಮೆ, ಅಂಚೆಗೂ ಹಗುರ. ಇದರಿಂದ ಬಾಡಿಗೆಗೆ ಒಂದಿಷ್ಟು ದುಡ್ಡು ಹುಟ್ಟುತ್ತದೆ, ಅಷ್ಟೇ. ಇದನ್ನೇ ನಂಬಿ ಎರಡನೇ ಖಾತೆಗೆ ಕೈ ಹಾಕಬಾರದು. ಪಿತೃಪಕ್ಷ ಮತ್ತು ಧನುರ್ಮಾಸಕ್ಕೂ ಇದೇ ಲೆಕ್ಕ, ಆದರೆ ಪಿತೃಪಕ್ಷಕ್ಕೆ ದಿನ ಕಡಿಮೆ, ಅದು ಮುಗಿದ ಮರುದಿನವೇ ಸಾಮಾನ್ಯವಾಗಿ ನವರಾತ್ರಿ ಶುರು. ಹಾಗಾಗಿ ಆ ಹದಿನೈದು ದಿನಕ್ಕೆ ಹೊಸ ಮುಂಗಡ ಕೊಡುವುದಿಲ್ಲ, ದಸರಾ ಮಾಲು ಗಣಪತಿ ಹಬ್ಬದ ಹೊತ್ತಿಗೇ ಮಗ್ಗದಿಂದ ಇಳಿದಿರುವ ಹಾಗೆ ನೋಡಿಕೊಳ್ಳುತ್ತೇನೆ.