‘ಅವನು’ ಇದ್ದ ದೃಶ್ಯವನ್ನು ‘ನೀನು’ಗೆ ತಿರುಗಿಸುವಾಗ

ಕಥೆಯಲ್ಲಿ ಬರೀ ಸರ್ವನಾಮ ಬದಲಿಸಿದರೆ ಓದುಗರು ದೃಶ್ಯದ ಒಳಗೆ ಬರುವುದಿಲ್ಲ. ಈ ಸಾಲು ನೋಡಿ: ‘ಅವನು ಕತ್ತಲಲ್ಲಿ ಮೆಟ್ಟಿಲು ಹತ್ತಿದ. ಮೇಲೆ ಯಾರೋ ಇದ್ದಾರೆ ಅನ್ನಿಸಿ ತುಂಬಾ ಭಯವಾಯಿತು.’

ಇದನ್ನೇ ‘ನೀನು ಮೆಟ್ಟಿಲು ಹತ್ತಿದೆ, ನಿನಗೆ ತುಂಬಾ ಭಯವಾಯಿತು’ ಅಂತ ಮಾಡಿದರೆ ಕೆಡುತ್ತದೆ. ‘ನನಗೇನೂ ಭಯ ಆಗಲಿಲ್ವಲ್ಲ’ ಎಂದು ಓದುವವರ ಮನಸ್ಸು ಅಲ್ಲೇ ತಕರಾರು ತೆಗೆಯುತ್ತದೆ. ಭಾವನೆಯನ್ನು ನಾವೇ ಹೇಳಿಬಿಟ್ಟಿದ್ದೇವೆ, ಅಲ್ವಾ?

ನಾನು ಹೀಗೆ ತಿದ್ದುತ್ತೇನೆ: ‘ಕತ್ತಲು. ಗೋಡೆ ತಡವುತ್ತಾ ಹತ್ತುತ್ತೀಯ. ಅಂಗೈಗೆ ತಣ್ಣನೆಯ ಸುಣ್ಣದ ಪುಡಿ ಹತ್ತುತ್ತದೆ. ಮೇಲೆ ಹಲಗೆಯೊಂದು ಕಿರ್ರೆನ್ನುತ್ತದೆ. ಎತ್ತಿದ ಕಾಲನ್ನು ಹಾಗೇ ಹಿಡಿದು ನಿಲ್ಲುತ್ತೀಯ.’

ಭಯ ಅನ್ನೋ ಪದವೇ ಹೋಯಿತು. ಕೈಗೆ, ಕಿವಿಗೆ ಸಿಕ್ಕಿದ್ದಷ್ಟೇ ಉಳಿಯಿತು. ಭೂತಕಾಲ ವರ್ತಮಾನವಾಯಿತು, ಇಲ್ಲದಿದ್ದರೆ ಯಾರೋ ನಮ್ಮ ಮೇಲೆ ದೂರು ಹೇಳಿದಂತೆ ಕೇಳಿಸುತ್ತದೆ. ‘ನೀನು’ ಒಂದು ಸಲವೂ ಬಂದಿಲ್ಲ, ಗಮನಿಸಿ. ಕನ್ನಡದಲ್ಲಿ ‘-ತ್ತೀಯ’ ಅನ್ನುವ ಕೊನೆಯೇ ಆ ಕೆಲಸ ಮಾಡುತ್ತದೆ. ಪ್ರತಿ ವಾಕ್ಯಕ್ಕೂ ‘ನೀನು’ ಸೇರಿಸಿದರೆ ಬೆರಳು ತೋರಿಸಿದ ಹಾಗಾಗುತ್ತದೆ.

‘ನೀವು’ ಬಳಸಬಹುದಾ? ಬಳಸಬಹುದು. ಆದರೆ ‘ಬಾಗಿಲು ತೆರೆಯುತ್ತೀರಿ, ಒಳಗೆ ಹೋಗುತ್ತೀರಿ’ ಎನ್ನುವುದು ಬೇಗ ದಾರಿ ಹೇಳಿದಂತಾಗುತ್ತದೆ. ಭಯ, ನಾಚಿಕೆಯಂಥ ಹತ್ತಿರದ ದೃಶ್ಯಕ್ಕೆ ನನಗೆ ‘ನೀನು’ ಜಾಸ್ತಿ ಒಪ್ಪುತ್ತದೆ. ಎರಡನ್ನೂ ಬೆರೆಸಬೇಡಿ.

ತಿದ್ದಿದ ಮೇಲೆ ‘ತನ್ನ’ ಪದವನ್ನು ಹುಡುಕಿ. ‘ನಿನ್ನ ಚಪ್ಪಲಿ’ ಆಗಬೇಕಾದಲ್ಲಿ ‘ತನ್ನ ಚಪ್ಪಲಿ’ ಅಂತ ಹಳೆಯದು ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ.